ಒಂದರ ಕೆಳಗೆ ಒಂದು: ಸತತ ಭಿನ್ನರಾಶಿಗೆ ಬೆಲೆ ಬಂದ ಬಗೆ

1 + 1/(1 + 1/(1 + 1/(1 + …))) ಎಂದು ಮುಗಿಯದೆ ಸಾಗುವ ಭಿನ್ನರಾಶಿಯನ್ನು ಕೊಟ್ಟರೆ ಚುರುಕಾದ ವಿದ್ಯಾರ್ಥಿ ಎರಡೇ ಸಾಲಿನಲ್ಲಿ ಉತ್ತರ ಹೇಳುತ್ತಾನೆ. ಇಡೀ ರಾಶಿಯನ್ನು x ಎನ್ನೋಣ. ಮೊದಲ ಗೀಟಿನ ಕೆಳಗಿರುವುದೂ ಅದೇ ರಾಶಿ. ಹಾಗಾಗಿ x = 1 + 1/x, ಅಂದರೆ x² − x − 1 = 0. ಇದನ್ನು ಬಿಡಿಸಿದರೆ (1 + √5)/2, ಸುಮಾರು 1.618. ಇದೇ ಸುವರ್ಣಾನುಪಾತ.

ಉತ್ತರ ಸರಿ, ಆದರೆ ಇದು ಸಾಧನೆಯಲ್ಲ. ಆ ವರ್ಗಸಮೀಕರಣಕ್ಕೆ ಇನ್ನೊಂದು ಮೂಲವೂ ಇದೆ: −0.618. ಕೂಡಿಸುವುದೆಲ್ಲ ಧನಸಂಖ್ಯೆಯಾಗಿರುವುದರಿಂದ ಅದನ್ನು ಕೈಬಿಟ್ಟೆವು ಎನ್ನಬಹುದು. ಆದರೂ ಇನ್ನೂ ಆಳದಲ್ಲಿ ಒಂದು ಊಹೆ ಉಳಿದುಬಿಡುತ್ತದೆ. x ಎಂದು ಹೆಸರಿಟ್ಟಾಗಲೇ ಆ ಬರಹಕ್ಕೆ ಒಂದು ಬೆಲೆ ಇದೆ ಎಂದು ಒಪ್ಪಿಕೊಂಡಿದ್ದೇವೆ. ಈ ಒಪ್ಪಿಗೆ ಎಷ್ಟು ಅಪಾಯದ್ದು ಎಂದು ತಿಳಿಯಲು ಕೂಡಿಸುವ ಚಿಹ್ನೆಗಳನ್ನು ಕಳೆಯುವ ಚಿಹ್ನೆಗಳಾಗಿ ಬದಲಿಸಿದರೆ ಸಾಕು. 1 − 1/(1 − 1/(1 − …)) ಎಂಬುದಕ್ಕೆ ಅದೇ ಉಪಾಯ ಹೂಡಿದರೆ x² − x + 1 = 0 ಬರುತ್ತದೆ; ಅದಕ್ಕೆ ವಾಸ್ತವ ಮೂಲವೇ ಇಲ್ಲ. ಒಂದೊಂದೇ ಹಂತ ಬಿಡಿಸುತ್ತ ಹೋದರೆ 1 ಬರುತ್ತದೆ, ಆಮೇಲೆ 0, ಆಮೇಲೆ ಸೊನ್ನೆಯಿಂದ ಭಾಗಿಸಬೇಕಾದ ಸ್ಥಿತಿ, ಮತ್ತೆ 1. ಈ ಮೂರು ಹೀಗೇ ಸುತ್ತುತ್ತಿರುತ್ತವೆ, ಎಲ್ಲಿಯೂ ನೆಲೆ ನಿಲ್ಲುವುದಿಲ್ಲ.

ಹಾಗಾದರೆ ಕೊನೆಯಿಲ್ಲದ ಭಿನ್ನರಾಶಿಯ ಬೆಲೆ ಎಂದರೇನು? ಇಂದಿನ ಉತ್ತರ ಸರಳ. ರಾಶಿಯನ್ನು ಒಂದೊಂದು ಹಂತದಲ್ಲಿ ಕತ್ತರಿಸಿದಾಗ ಸಿಗುವ ಸಾಮಾನ್ಯ ಭಿನ್ನರಾಶಿಗಳನ್ನು ಅಭಿಸಾರಿಗಳು ಎನ್ನುತ್ತೇವೆ. ಅವು ಸಾಲಾಗಿ ಒಂದು ಅನುಕ್ರಮವಾಗುತ್ತವೆ. ಆ ಅನುಕ್ರಮಕ್ಕೆ ಮಿತಿ ಇದ್ದರೆ ಆ ಮಿತಿಯೇ ಬೆಲೆ; ಇಲ್ಲದಿದ್ದರೆ ಬರಹಕ್ಕೆ ಬೆಲೆಯಿಲ್ಲ. ಇಷ್ಟನ್ನು ಹೇಳಲು ಗಣಿತಕ್ಕೆ ಬಹಳ ಕಾಲ ಹಿಡಿಯಿತು.

ಕೊನೆಯಿರುವ ಭಿನ್ನರಾಶಿಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಯೂಕ್ಲಿಡ್‌ನ ಮಸಾಅ ಕ್ರಮ, 499ರ ಆರ್ಯಭಟೀಯದ ಕುಟ್ಟಕ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬಳ್ಳಿಯಂತೆ ಬರೆದು ಮಾಡುವ ವಲ್ಲಿಕಾಕುಟ್ಟೀಕಾರ, ಇವೆಲ್ಲವೂ ಭಾಗಿಸಿ, ಉಳಿದದ್ದರಿಂದ ಮತ್ತೆ ಭಾಗಿಸುವ ಕೆಲಸವೇ. ಸತತ ಭಿನ್ನರಾಶಿಯನ್ನು ಕಟ್ಟುವ ಭಾಗಲಬ್ಧಗಳು ಅಲ್ಲಿ ಸಿಗುತ್ತವೆ. ಆದರೆ ಪೂರ್ಣಾಂಕಗಳಿಂದ ಹೊರಟ ಲೆಕ್ಕ ಎಂದಾದರೂ ಮುಗಿಯಲೇಬೇಕು. ಮುಗಿಯದ ಲೆಕ್ಕ ಬರುವುದು ವರ್ಗಮೂಲದಂಥ ಅಭಾಗಲಬ್ಧ ಸಂಖ್ಯೆಗಳ ಜೊತೆಗೆ. 1613ರಲ್ಲಿ ಬೊಲೋನ್ಯಾದ ಪಿಯೆತ್ರೊ ಕತಾಲ್ದಿ 18ರ ವರ್ಗಮೂಲವನ್ನು ಹೀಗೆ ಬರೆದಾಗ, ಹಂತಹಂತದ ಬೆಲೆಗಳು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುತ್ತ ನಿಜವಾದ ಬೆಲೆಗೆ ಎರಡೂ ಕಡೆಯಿಂದ ಹತ್ತಿರವಾಗುವುದನ್ನು ಗಮನಿಸಿದ. ನನ್ನ ಮಟ್ಟಿಗೆ ಈ ವಿಷಯದ ಚರಿತ್ರೆ ನಿಜವಾಗಿ ಶುರುವಾಗುವುದು ಇಲ್ಲಿಂದ. ಕತಾಲ್ದಿ ನೋಡುತ್ತಿದ್ದದ್ದು ಒಂದು ಸಂಖ್ಯೆಯನ್ನಲ್ಲ, ಸಂಖ್ಯೆಗಳ ಒಂದು ಸಾಲನ್ನು.

ಸುವರ್ಣಾನುಪಾತದ ಸಾಲು ಎಲ್ಲಕ್ಕಿಂತ ಸರಳ. ಮೊದಲ ಅಭಿಸಾರಿ 1. ಮುಂದಿನದನ್ನು ಪಡೆಯಲು ಹಿಂದಿನದನ್ನು ತಲೆಕೆಳಗು ಮಾಡಿ 1 ಕೂಡಿಸಬೇಕು: 1, 2, 3/2, 5/3, 8/5, 13/8, 21/13. ದಶಮಾಂಶದಲ್ಲಿ 1, 2, 1.5, 1.667, 1.6, 1.625, 1.615. ಅಂಶಗಳೂ ಛೇದಗಳೂ ಛಂದಸ್ಸಿನ ಲೆಕ್ಕದಲ್ಲಿ ವಿರಹಾಂಕ, ಹೇಮಚಂದ್ರರು ಕಂಡ, ಯೂರೋಪಿನಲ್ಲಿ ಫಿಬೊನಾಚಿಯ ಹೆಸರು ಪಡೆದ ಸಂಖ್ಯೆಗಳು. ಅಕ್ಕಪಕ್ಕದ ಈ ಸಂಖ್ಯೆಗಳ ಅನುಪಾತ ಸುವರ್ಣಾನುಪಾತಕ್ಕೆ ಹತ್ತಿರವಾಗುತ್ತದೆ ಎಂದು ಕೆಪ್ಲರ್ 1611ರಲ್ಲೇ ಬರೆದಿದ್ದ. ಆ ಅನುಪಾತಗಳು ಬರೀ ಒಂದುಗಳಿಂದಾದ ಸತತ ಭಿನ್ನರಾಶಿಯ ಅಭಿಸಾರಿಗಳೇ ಎಂಬುದನ್ನು 1753ರಲ್ಲಿ ಗ್ಲಾಸ್ಗೋದ ರಾಬರ್ಟ್ ಸಿಮ್ಸನ್ ತೋರಿಸಿದ.

ಹತ್ತಿರವಾಗುತ್ತದೆ ಎಂದು ನೋಡುವುದು ಬೇರೆ, ಸಾಧಿಸುವುದು ಬೇರೆ. ಸಾಧನೆಗೆ ಬೇಕಾದದ್ದೆಲ್ಲ ಅಕ್ಕಪಕ್ಕದ ಅಭಿಸಾರಿಗಳ ವ್ಯತ್ಯಾಸದಲ್ಲೇ ಇದೆ. 8/5ರಿಂದ 5/3 ಕಳೆದರೆ −1/15. 13/8ರಿಂದ 8/5 ಕಳೆದರೆ 1/40. 21/13ರಿಂದ 13/8 ಕಳೆದರೆ −1/104. ಪ್ರತಿ ಸಲವೂ ಅಂಶದಲ್ಲಿ ಬರಿಯ 1, ಚಿಹ್ನೆ ಮಾತ್ರ ಬದಲಾಗುತ್ತಿದೆ. ಇದು ಆಕಸ್ಮಿಕವಲ್ಲ. ಒಂದು ಅಭಿಸಾರಿ a/b ಆಗಿದ್ದರೆ ಮುಂದಿನದು (a + b)/a. ಇವೆರಡರ ವ್ಯತ್ಯಾಸದ ಅಂಶ ab + b² − a². ಈಗ ಒಂದು ಹೆಜ್ಜೆ ಮುಂದೆ ಹೋಗಿ, a ಇದ್ದಲ್ಲಿ a + b, b ಇದ್ದಲ್ಲಿ a ಹಾಕಿ ಬಿಡಿಸಿದರೆ ಅದೇ ಮೊತ್ತ ಋಣಚಿಹ್ನೆಯೊಡನೆ ಹಿಂದಿರುಗುತ್ತದೆ. 1/1ರಿಂದ ಹೊರಟಾಗ ಅದು 1. ಆದ್ದರಿಂದ ಎಷ್ಟು ದೂರ ಹೋದರೂ ಅದು 1 ಅಥವಾ −1 ಮಾತ್ರ.

ಇಷ್ಟು ಸಿಕ್ಕ ಮೇಲೆ ಉಳಿದದ್ದು ತಾನಾಗಿ ಬರುತ್ತದೆ. ವ್ಯತ್ಯಾಸದ ಛೇದ ಎರಡು ಛೇದಗಳ ಗುಣಲಬ್ಧ. ಅದು ಮಿತಿಯಿಲ್ಲದೆ ಬೆಳೆಯುವುದರಿಂದ ಹೆಜ್ಜೆಗಳು ಕುಗ್ಗುತ್ತ ಸೊನ್ನೆಯತ್ತ ಸಾಗುತ್ತವೆ. ಚಿಹ್ನೆ ಬದಲಾಗುತ್ತಿರುವುದರಿಂದ ಒಂದು ಹೆಜ್ಜೆ ಮೇಲಕ್ಕೆ, ಮುಂದಿನದು ಅದಕ್ಕಿಂತ ಚಿಕ್ಕದಾಗಿ ಕೆಳಕ್ಕೆ. 1, 3/2, 8/5, 21/13 ಏರುತ್ತಲೇ ಹೋಗುತ್ತವೆ. 2, 5/3, 13/8 ಇಳಿಯುತ್ತಲೇ ಬರುತ್ತವೆ. ಏರುವ ಸಾಲು ಇಳಿಯುವ ಸಾಲನ್ನು ಎಂದೂ ದಾಟುವುದಿಲ್ಲ, ನಡುವಿನ ಅಂತರ ಮಾತ್ರ ಸೊನ್ನೆಯಾಗುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಮಿತಿ. ಮಿತಿ ಇದೆ ಎಂದು ಈಗ ಗೊತ್ತಾಯಿತು, ಅದು 1ಕ್ಕೂ 2ಕ್ಕೂ ನಡುವೆ ಇದೆ ಎಂದೂ ಗೊತ್ತಾಯಿತು. x = 1 + 1/x ಎಂದು ಬರೆಯುವ ಹಕ್ಕು ನಮಗೆ ಸಿಗುವುದು ಇಲ್ಲಿಗೆ ಬಂದ ಮೇಲೆ.

ತಿರಸ್ಕರಿಸಿದ ಮೂಲ −0.618 ಏನಾಯಿತು? ಕ್ಯಾಲ್ಕುಲೇಟರಿನಲ್ಲಿ −0.618 ಒತ್ತಿ, ತಲೆಕೆಳಗು ಮಾಡಿ 1 ಕೂಡಿಸುವುದನ್ನೇ ಮತ್ತೆ ಮತ್ತೆ ಮಾಡಿ ನೋಡಬಹುದು. ಮೊದಲು −0.6181, −0.6178, −0.6186 ಎಂದು ಅಲ್ಲೇ ನಿಂತಂತೆ ಕಾಣುತ್ತದೆ. ಆಮೇಲೆ −0.616, −0.622, −0.607, −0.647, −0.545, −0.833, −0.2, −4. ಅಲ್ಲಿಂದ 0.75ಕ್ಕೆ ನೆಗೆದು 2.333, 1.429, 1.7, 1.588, 1.630 ಎಂದು ಸುವರ್ಣಾನುಪಾತದ ಬಳಿಗೇ ಬಂದುಬಿಡುತ್ತದೆ. −0.618ರ ಹತ್ತಿರ ಒಂದೊಂದು ಹೆಜ್ಜೆಗೂ ದೋಷ ಸುಮಾರು 2.618 ಪಟ್ಟು ಹಿಗ್ಗುತ್ತದೆ, 1.618ರ ಹತ್ತಿರ ಅಷ್ಟೇ ಪಟ್ಟು ಕುಗ್ಗುತ್ತದೆ. ಸಮೀಕರಣ ಎರಡು ಮೂಲಗಳನ್ನೂ ಸಮನಾಗಿ ಕಾಣುತ್ತದೆ. ಅವುಗಳಲ್ಲಿ ಒಂದನ್ನು ಆರಿಸುವುದು ಅನುಕ್ರಮ.

ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಸತತ ಭಿನ್ನರಾಶಿಗಳನ್ನು ಒಂದು ಶಾಸ್ತ್ರವಾಗಿ ಕಟ್ಟಿದ. ಲಗ್ರಾಂಜ್ 1770ರಲ್ಲಿ, ವರ್ಗಸಮೀಕರಣದ ಅಭಾಗಲಬ್ಧ ಮೂಲಗಳಿಗೆಲ್ಲ ಭಾಗಲಬ್ಧಗಳು ಒಂದು ಹಂತದ ನಂತರ ಪುನರಾವರ್ತಿಸುತ್ತವೆ ಎಂದು ಸಾಧಿಸಿದ. ಬರೀ ಒಂದುಗಳೇ ಬರುವ ನಮ್ಮ ರಾಶಿ ಅದರ ಅತಿ ಸರಳ ನಿದರ್ಶನ. ಇವುಗಳಲ್ಲೆಲ್ಲ ಭಾಗಲಬ್ಧಗಳು ಧನ ಪೂರ್ಣಾಂಕಗಳೇ ಆದ್ದರಿಂದ ಮೇಲಿನ ಸಾಧನೆ ಹಾಗೆಯೇ ಒಪ್ಪುತ್ತದೆ. ಭಾಗಲಬ್ಧ ಯಾವುದೇ ಧನಸಂಖ್ಯೆಯಾಗಬಹುದು ಎಂದಾಗ ಮಾತ್ರ ಕಷ್ಟ ಎದುರಾಗುತ್ತದೆ. ಆ ಪ್ರಶ್ನೆಯನ್ನು ಬಿಡಿಸಿದವರು ಜರ್ಮನಿಯ ಸೈಡೆಲ್ (1846) ಮತ್ತು ಸ್ಟರ್ನ್ (1848).

ಅವರ ಉತ್ತರ ಒಂದೇ ವಾಕ್ಯದ್ದು: ಭಾಗಲಬ್ಧಗಳನ್ನೆಲ್ಲ ಕೂಡಿಸಿದ ಮೊತ್ತ ಮಿತಿಯಿಲ್ಲದೆ ಬೆಳೆದರೆ ರಾಶಿ ಅಭಿಸರಿಸುತ್ತದೆ, ಬೆಳೆಯದಿದ್ದರೆ ಇಲ್ಲ. ಸುವರ್ಣಾನುಪಾತದಲ್ಲಿ ಆ ಮೊತ್ತ 1 + 1 + 1 + …, ಚಿಂತೆಯಿಲ್ಲ. ಬದಲಿಗೆ 1, 1/2, 1/4, 1/8 ಎಂದು ಅರ್ಧರ್ಧವಾಗುತ್ತ ಹೋಗುವ ಭಾಗಲಬ್ಧಗಳನ್ನು ಇಟ್ಟರೆ ಮೊತ್ತ 2ನ್ನು ದಾಟುವುದಿಲ್ಲ. ಆಗ ಅಭಿಸಾರಿಗಳು 1, 3, 1.222, 2.610, 1.270, 2.538, 1.281, 2.521 ಎಂದು ಸಾಗುತ್ತವೆ. ಒಂದು ಸಾಲು ಏರುತ್ತದೆ, ಇನ್ನೊಂದು ಇಳಿಯುತ್ತದೆ, ಇಲ್ಲಿಯೂ ಹಾಗೆಯೇ. ಆದರೆ ಏರುವುದು 1.285ರ ಹತ್ತಿರ ನಿಲ್ಲುತ್ತದೆ, ಇಳಿಯುವುದು 2.515ರ ಹತ್ತಿರ. ಎರಡೂ ಒಂದನ್ನೊಂದು ಸೇರುವುದೇ ಇಲ್ಲ. ಕಾರಣ ಆಗಲೇ ಕಂಡ ಛೇದವೇ. ಅಕ್ಕಪಕ್ಕದ ವ್ಯತ್ಯಾಸ ಇಲ್ಲಿಯೂ ಛೇದಗಳ ಗುಣಲಬ್ಧದಿಂದ 1ನ್ನು ಭಾಗಿಸಿದಷ್ಟು. ಭಾಗಲಬ್ಧಗಳು ಬೇಗ ಕುಗ್ಗಿದರೆ ಛೇದಗಳು ಬೆಳೆಯುವುದನ್ನು ನಿಲ್ಲಿಸುತ್ತವೆ, ಅಂತರ ಮುಚ್ಚುವುದಿಲ್ಲ. ನಾಲ್ಕೈದು ಹಂತ ಲೆಕ್ಕ ಮಾಡಿ, ಹೆಜ್ಜೆಗಳು ಕುಗ್ಗುತ್ತಿವೆಯಲ್ಲ ಎಂದು ನಿಶ್ಚಿಂತೆಯಿಂದ ಇರುವವರು ಮೋಸಹೋಗುವುದು ಇಲ್ಲೇ. ಹೆಜ್ಜೆ ಕುಗ್ಗಿದರೆ ಸಾಲದು, ಅದು ಸೊನ್ನೆಗೆ ಹೋಗುತ್ತಿದೆಯೇ ಎಂದು ನೋಡಬೇಕು.

ಅಭಿಸರಿಸುತ್ತದೆ ಎಂದಾದ ಮೇಲೆ ಎಷ್ಟು ಬೇಗ ಎಂಬ ಪ್ರಶ್ನೆ. ಈ ವಿಚಾರದಲ್ಲಿ ಸುವರ್ಣಾನುಪಾತ ಎಲ್ಲಕ್ಕಿಂತ ನಿಧಾನ. ಭಾಗಲಬ್ಧ ದೊಡ್ಡದಾದಷ್ಟೂ ಛೇದಗಳು ಬೇಗ ಬೆಳೆಯುತ್ತವೆ. ಪೂರ್ಣಾಂಕಗಳಲ್ಲಿ 1ಕ್ಕಿಂತ ಚಿಕ್ಕ ಭಾಗಲಬ್ಧವಿಲ್ಲ. 144/89 ಸುವರ್ಣಾನುಪಾತದಿಂದ ಸುಮಾರು 0.00006ರಷ್ಟು ದೂರವಿದ್ದರೆ, ಪೈಯ ಅಭಿಸಾರಿ 355/113 ಪೈಯಿಂದ ದೂರವಿರುವುದು 0.0000003ರಷ್ಟು ಮಾತ್ರ. 1891ರಲ್ಲಿ ಹುರ್ವಿಟ್ಸ್ ಇದಕ್ಕೆ ಕರಾರುವಾಕ್ಕಾದ ಗೆರೆ ಎಳೆದ. ಯಾವುದೇ ಅಭಾಗಲಬ್ಧ ಸಂಖ್ಯೆಗೆ, ಛೇದ q ಆದಾಗ ದೋಷ 1/(√5 q²)ಕ್ಕಿಂತ ಕಡಿಮೆ ಇರುವಂಥ ಭಿನ್ನರಾಶಿಗಳು ಅಸಂಖ್ಯ ಸಿಗುತ್ತವೆ. √5ರ ಬದಲು ಅದಕ್ಕಿಂತ ಸ್ವಲ್ಪ ದೊಡ್ಡ ಸಂಖ್ಯೆ ಇಟ್ಟರೂ ಸುವರ್ಣಾನುಪಾತಕ್ಕೆ ಈ ಮಾತು ಸಲ್ಲುವುದಿಲ್ಲ. 89/55ರ ದೋಷ 0.000148, ಸೂತ್ರ ಕೊಡುವುದೂ ಅಷ್ಟೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕಥೆ ಮದರಾಸಿಗೆ ಬರುತ್ತದೆ. ಒಂದುಗಳ ಜಾಗದಲ್ಲಿ ಮೇಲಿನ ಅಂಶಗಳಾಗಿ q, q², q³ ಎಂದು ಘಾತಗಳನ್ನು ಇಟ್ಟರೆ 1 + q/(1 + q²/(1 + q³/(1 + …))) ಎಂಬ ರಾಶಿ ಸಿಗುತ್ತದೆ. q = 1 ಆದಾಗ ಇದು ನಮ್ಮ ಸುವರ್ಣಾನುಪಾತದ ರಾಶಿಯೇ. ರಾಜರ್ಸ್ 1894ರಲ್ಲಿ ಇದನ್ನು ಕಂಡಿದ್ದ, ರಾಮಾನುಜನ್ ಸ್ವತಂತ್ರವಾಗಿ ಕಂಡರು. 1913ರ ಜನವರಿಯಲ್ಲಿ ಹಾರ್ಡಿಗೆ ಬರೆದ ಪತ್ರದಲ್ಲಿ, q ಎಂಬುದು e^(−2π) ಆದಾಗ ಈ ಬಗೆಯ ರಾಶಿಯ ಬೆಲೆ ಏನೆಂದು ಅವರು ಕೊಟ್ಟಿದ್ದರು. ಆ ಬೆಲೆಯಲ್ಲಿಯೂ ಸುವರ್ಣಾನುಪಾತ ಇದೆ.

qನ ಗಾತ್ರ 1ಕ್ಕಿಂತ ಕಡಿಮೆ ಇದ್ದಾಗ ಈ ರಾಶಿ ಅಭಿಸರಿಸುತ್ತದೆ. 1ಕ್ಕಿಂತ ಹೆಚ್ಚಾದರೆ ಅರ್ಧರ್ಧದ ಉದಾಹರಣೆಯಲ್ಲಿ ಕಂಡದ್ದೇ ಆಗುತ್ತದೆ: ಸಮ ಸ್ಥಾನದ ಅಭಿಸಾರಿಗಳು ಒಂದು ಮಿತಿಗೆ, ಬೆಸ ಸ್ಥಾನದವು ಇನ್ನೊಂದಕ್ಕೆ. ಆ ಎರಡೂ ಮಿತಿಗಳು ಏನೆಂದು ರಾಮಾನುಜನ್ ಬರೆದಿಟ್ಟಿದ್ದರು. ಗಾತ್ರ ಸರಿಯಾಗಿ 1 ಆದಾಗ, ಅಂದರೆ q ಸಂಮಿಶ್ರ ಸಮತಲದ ಏಕಮಾನ ವೃತ್ತದ ಮೇಲಿದ್ದಾಗ, ವಿಷಯ ಸೂಕ್ಷ್ಮವಾಗುತ್ತದೆ. ಯಾವುದೋ ಒಂದು ಘಾತಕ್ಕೆ ಏರಿಸಿದಾಗ 1 ಆಗುವ ಬಿಂದುಗಳನ್ನು ಇಸ್ಸಾಯ್ ಶೂರ್ 1917ರಲ್ಲಿ ಪರೀಕ್ಷಿಸಿದ. ಹಾಗೆ 1 ಕೊಡುವ ಅತಿ ಚಿಕ್ಕ ಘಾತ 5ರಿಂದ ಭಾಗವಾದರೆ ರಾಶಿಗೆ ಬೆಲೆಯಿಲ್ಲ, ಇಲ್ಲದಿದ್ದರೆ ಇದೆ. ವೃತ್ತದ ಮೇಲೆ ಅಂಥ ಬಿಂದುಗಳು ಎಲ್ಲೆಡೆ ದಟ್ಟವಾಗಿ ಹರಡಿರುವುದರಿಂದ, ಬೆಲೆಯಿರುವ ಬಿಂದುವಿನ ಎಷ್ಟೇ ಹತ್ತಿರ ನೋಡಿದರೂ ಬೆಲೆಯಿಲ್ಲದ ಬಿಂದು ಸಿಗುತ್ತದೆ. ಸುವರ್ಣಾನುಪಾತ ನಿಂತಿರುವ q = 1 ಕೂಡ ಹೀಗೆ ಸುತ್ತುವರಿದ ಬಿಂದುವೇ.