‘ವಾಟ್ ಯು ವಾಂಟ್?’: ಪ್ರಶ್ನೆಯಲ್ಲಿ ಕಾಣೆಯಾಗುವ ಸಹಾಯಕ ಕ್ರಿಯಾಪದ

‘ಏನು ಬೇಕು’ ಎಂದು ಇಂಗ್ಲಿಷಿನಲ್ಲಿ ಕೇಳಲು ‘ವಾಟ್ ಡು ಯು ವಾಂಟ್?’ ಎಂಬುದು ವ್ಯಾಕರಣಬದ್ಧ ರೂಪ. ಆದರೆ ಇಂಗ್ಲಿಷ್ ಮಾತೃಭಾಷೆಯವರೂ ಸಲಿಗೆಯ ಮಾತಿನಲ್ಲಿ ‘ಡು’ ಬಿಟ್ಟು ‘ವಾಟ್ ಯು ವಾಂಟ್?’ ಎನ್ನುವುದುಂಟು. ‘ವೇರ್ ಆರ್ ಯು ಗೋಯಿಂಗ್?’ ಎಂಬಲ್ಲಿ ‘ಆರ್’ ಕೂಡ ಹೀಗೆಯೇ ಬಿದ್ದುಹೋಗುತ್ತದೆ. ಪ್ರಶ್ನಾಪದ ಮತ್ತು ‘ಯು’ ನಡುವಿನ ಈ ಪದಗಳಿಗೆ ಒತ್ತು ಇರುವುದಿಲ್ಲ. ಅವು ಇಲ್ಲದಿದ್ದರೂ ಅರ್ಥ ಕೆಡುವುದಿಲ್ಲ.

ಈ ಲೋಪಕ್ಕೂ ನಿಯಮವಿದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಅಲ್ಲಿನ ಕಪ್ಪು ಜನರ ಇಂಗ್ಲಿಷನ್ನು ಅಭ್ಯಸಿಸಿ, 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ನಿರೂಪಿಸಿದರು. ಶಿಷ್ಟ ಇಂಗ್ಲಿಷಿನಲ್ಲಿ ‘ಯು ಆರ್’ ಎಂಬುದು ‘ಯೋರ್’ ಎಂದು ಕುಗ್ಗಬಲ್ಲ ಕಡೆ ಮಾತ್ರ ಅವರ ನುಡಿಯಲ್ಲಿ ‘ಆರ್’ ಬಿಡಬಹುದು. ‘ಐ ನೋ ವೇರ್ ಯು ಆರ್’ ಎಂಬ ವಾಕ್ಯದ ಕೊನೆಯಲ್ಲಿ ಅದು ಕುಗ್ಗದು. ಆದ್ದರಿಂದ ಬೀಳುವುದೂ ಇಲ್ಲ.

ಕನ್ನಡಿಗರ ಬಾಯಲ್ಲಿಯೂ ‘ವಾಟ್ ಯು ವಾಂಟ್?’ ಕೇಳಿಬರುತ್ತದೆ. ಆದರೆ ಅದರ ಕಾರಣ ಬೇರೆ. ಕನ್ನಡದಲ್ಲಿ ‘ಏನು’, ‘ಎಲ್ಲಿ’ ಎಂಬ ಪದ ಸೇರಿದರೆ ಸಾಕು, ವಾಕ್ಯ ಪ್ರಶ್ನೆಯಾಗುತ್ತದೆ. ಕ್ರಿಯಾಪದ ಸ್ಥಳ ಬದಲಿಸಬೇಕಿಲ್ಲ, ‘ಡು’ವಿನಂತಹ ಪದವೂ ಬೇಕಿಲ್ಲ. ಆ ರೂಢಿಯೇ ಇಂಗ್ಲಿಷಿಗೂ ಸಾಗುತ್ತದೆ.

ವರ್ತಮಾನ ಕಾಲದಲ್ಲಿ ಎರಡೂ ಒಂದೇ ರೀತಿ ಕೇಳಿಸುತ್ತವೆ. ವ್ಯತ್ಯಾಸ ಬಯಲಾಗುವುದು ಭೂತಕಾಲದಲ್ಲಿ. ಹಿಂದಿನ ದಿನ ಕಚೇರಿಗೆ ಬಾರದ ಸಹೋದ್ಯೋಗಿಯನ್ನು ‘ನಿನ್ನೆ ಎಲ್ಲಿಗೆ ಹೋಗಿದ್ದಿರಿ’ ಎಂದು ಕೇಳಬೇಕಾಗಿದೆ ಎಂದುಕೊಳ್ಳೋಣ. ಸರಿಯಾದ ರೂಪ ‘ವೇರ್ ಡಿಡ್ ಯು ಗೋ ಯೆಸ್ಟರ್‌ಡೇ?’. ಇಲ್ಲಿ ಭೂತಕಾಲವನ್ನು ‘ಡಿಡ್’ ಹೊತ್ತಿರುವುದರಿಂದ ‘ಗೋ’ ಮೂಲರೂಪದಲ್ಲಿದೆ. ‘ಡಿಡ್’ ನುಂಗಿ ಮಾತನಾಡುವವರು ‘ವೇರ್ ಯು ಗೋ?’ ಎನ್ನುತ್ತಾರೆ. ಕನ್ನಡಿಗರು ‘ವೇರ್ ಯು ವೆಂಟ್?’ ಎನ್ನುತ್ತಾರೆ. ‘ಹೋದಿರಿ’ ಎಂಬಂತೆ ಕಾಲಸೂಚನೆ ಮುಖ್ಯ ಕ್ರಿಯಾಪದದಲ್ಲೇ ಉಳಿದಿದೆ. ಅಂದರೆ ಇಲ್ಲಿ ‘ಡಿಡ್’ ಬಿದ್ದುಹೋಗಿಲ್ಲ, ಬಂದೇ ಇಲ್ಲ.

‘ವೇರ್ ಯು ಆರ್ ನೌ?’ ಎಂಬ ಪ್ರಶ್ನೆಯಲ್ಲಿಯೂ ‘ಆರ್’ ಇದೆ, ಆದರೆ ಅದು ‘ಯು’ವಿಗಿಂತ ಮುಂದಕ್ಕೆ ಬಂದಿಲ್ಲ. ಗೊಂದಲಕ್ಕೆ ಇನ್ನೊಂದು ಕಾರಣವೂ ಉಂಟು: ‘ಟೆಲ್ ಮಿ ವೇರ್ ಯು ಆರ್ ನೌ’ ಎಂದು ವಾಕ್ಯದೊಳಗೆ ಪ್ರಶ್ನೆ ಅಡಕವಾದಾಗ ಅದೇ ಪದಕ್ರಮ ಸರಿ. ನೇರವಾಗಿ ಕೇಳುವಾಗ ಮಾತ್ರ ತಪ್ಪು.

ಅರ್ಥವಾದರೂ ಇದರಿಂದ ತೊಡಕಿಲ್ಲವೆಂದಲ್ಲ. ಸ್ನೇಹಿತರ ನಡುವೆ ಸಹಜವೆನಿಸುವ ‘ವಾಟ್ ಯು ವಾಂಟ್?’ ಅಪರಿಚಿತ ಗ್ರಾಹಕರ ಕಿವಿಗೆ ‘ಏನ್ ಬೇಕಯ್ಯಾ’ ಎಂಬಷ್ಟು ಒರಟಾಗಿ ಬೀಳಬಹುದು. ಕೇಳಿದವರ ಮನಸ್ಸಿನಲ್ಲಿ ಅಸಡ್ಡೆ ಇರುವುದಿಲ್ಲ, ಇರುವುದು ಕನ್ನಡದ ವಾಕ್ಯರಚನೆ ಮಾತ್ರ.