ಶಾಲೆಗೆ ಹೋದ್ರೆ ದುಡ್ಡು: ಮೆಕ್ಸಿಕೋದ ಹಳ್ಳಿಯಿಂದ ಕೊಲ್ಹಾರದ ಭಾಗ್ಯಲಕ್ಷ್ಮಿ ಬಾಂಡ್‌ವರೆಗೆ

ಇವತ್ತಿನ ಸಂಚಿಕೆಗೆ ವಿಷಯ ಕೊಟ್ಟದ್ದು ಒಂದು ಬಾಂಡ್. ನಮ್ಮ ಕೊಲ್ಹಾರ ಕಡೆ ಎಷ್ಟೋ ಮನೆಗಳ ಟ್ರಂಕಿನಲ್ಲಿ ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರದ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಭಾಗ್ಯಲಕ್ಷ್ಮಿ ಬಾಂಡ್ ಇರುತ್ತದೆ. 2006-07ರಲ್ಲಿ ಶುರುವಾದ ಯೋಜನೆ ಅದು. ಮೊದಲ ಸಾಲಿನ ಹುಡುಗಿಯರಿಗೆ 2024ರಿಂದ 18 ತುಂಬುತ್ತಾ ಬಂತು, ದುಡ್ಡು ಕೈಗೆ ಬರುವ ಕಾಲವೂ ಬಂತು. ಹಾಗಾಗಿ ಈಗ ಕೇಳಬೇಕಾದ ಪ್ರಶ್ನೆ ಇದು: ಷರತ್ತು ಹಾಕಿ ದುಡ್ಡು ಕೊಟ್ಟರೆ ಮಕ್ಕಳು ನಿಜವಾಗಿಯೂ ಶಾಲೆಗೆ ಹೋಗುತ್ತಾರಾ? ಹೋಗುತ್ತಾರೆ ಅಂತ ಯಾರಿಗೆ, ಹೇಗೆ ಗೊತ್ತಾಯಿತು?

ಇದಕ್ಕೆ ಉತ್ತರ ಹುಡುಕಿಕೊಂಡು ಮೊದಲು ಮೆಕ್ಸಿಕೋಗೆ ಹೋಗಬೇಕು. ಯಾಕಂದ್ರೆ ಈ ವಿಷಯದಲ್ಲಿ ಜಗತ್ತು ನಂಬುವ ಸಾಕ್ಷಿ ಹುಟ್ಟಿದ್ದೇ ಅಲ್ಲಿ.

1990ರ ದಶಕದ ಮಧ್ಯದಲ್ಲಿ ಮೆಕ್ಸಿಕೋದ ಕರೆನ್ಸಿ ಪೆಸೊ ಕುಸಿದಿತ್ತು. ಅಲ್ಲಿಯವರೆಗೆ ಬಡವರಿಗೆ ನೆರವು ಅಂದ್ರೆ ಹೆಚ್ಚಾಗಿ ರೊಟ್ಟಿ, ಹಾಲಿನ ಮೇಲಿನ ಸಬ್ಸಿಡಿ. ಅದರ ಲಾಭ ಪಟ್ಟಣದವರಿಗೇ ಹೆಚ್ಚು, ದೂರದ ಹಳ್ಳಿಯವರಿಗೆ ಕಡಿಮೆ. ಆಗ ಹಣಕಾಸು ಇಲಾಖೆಯಲ್ಲಿದ್ದ ಸ್ಯಾಂಟಿಯಾಗೊ ಲೆವಿ ಎಂಬ ಅರ್ಥಶಾಸ್ತ್ರಜ್ಞ ಬೇರೆ ದಾರಿ ಸೂಚಿಸಿದರು. ಬಡ ಕುಟುಂಬಕ್ಕೆ ನೇರವಾಗಿ ನಗದು ಕೊಡೋಣ, ಆದರೆ ಮಕ್ಕಳು ಶಾಲೆಗೆ ಹೋಗಬೇಕು, ಮನೆಯವರು ಆರೋಗ್ಯ ತಪಾಸಣೆಗೆ ಹೋಗಬೇಕು. 1997ರಲ್ಲಿ ಶುರುವಾದ ಆ ಯೋಜನೆಯ ಹೆಸರು ಪ್ರೊಗ್ರೆಸಾ.

ಅದರ ನಿಯಮಗಳನ್ನು ಸ್ವಲ್ಪ ನಿಧಾನಕ್ಕೆ ನೋಡೋಣ. ದುಡ್ಡು ಬರುತ್ತಿದ್ದದ್ದು ಎರಡು ತಿಂಗಳಿಗೊಮ್ಮೆ, ಅದೂ ತಾಯಿಯ ಕೈಗೆ. ಮೂರನೇ ತರಗತಿಯಿಂದ ಒಂಬತ್ತನೇ ತರಗತಿವರೆಗಿನ ಮಕ್ಕಳಿಗೆ ಅದು ಅನ್ವಯ. ಹಾಜರಾತಿ ಶೇ 85 ಇರಬೇಕು, ಇಲ್ಲದಿದ್ದರೆ ಆ ಮಗುವಿನ ಪಾಲು ಬರುವುದಿಲ್ಲ. ತರಗತಿ ಮೇಲೆ ಹೋದಂತೆ ಮೊತ್ತವೂ ಏರುತ್ತಿತ್ತು. ಯಾಕಂದ್ರೆ 13 ವರ್ಷದ ಮಗುವನ್ನು ಶಾಲೆಗೆ ಕಳಿಸಿದರೆ ಮನೆಗೆ ಆಗುವ ನಷ್ಟ, 8 ವರ್ಷದ ಮಗುವನ್ನು ಕಳಿಸಿದಾಗ ಆಗುವುದಕ್ಕಿಂತ ದೊಡ್ಡದು. ಇದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುವ ಮನೆಯಲ್ಲಿ ದೊಡ್ಡ ಮಗಳು ಅಂದ್ರೆ ಅಡುಗೆಯವಳು, ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು. ಹೈಸ್ಕೂಲಿನಲ್ಲಿ ಹುಡುಗರಿಗಿಂತ ಹುಡುಗಿಯರೇ ಬೇಗ ಶಾಲೆ ಬಿಡುತ್ತಾರೆ ಅಂತ ಪ್ರೊಗ್ರೆಸಾ ಆ ಹಂತದಲ್ಲಿ ಹುಡುಗಿಯರಿಗೆ ಸ್ವಲ್ಪ ಹೆಚ್ಚೇ ಕೊಟ್ಟಿತು.

ಇತಿಹಾಸದಲ್ಲಿ ಅದು ಉಳಿದದ್ದು ಈ ನಿಯಮಗಳಿಗಲ್ಲ. ಯೋಜನೆ ಎಲ್ಲ ಕಡೆ ಒಟ್ಟಿಗೆ ಶುರು ಮಾಡುವಷ್ಟು ದುಡ್ಡು ಸರ್ಕಾರದ ಹತ್ತಿರ ಇರಲಿಲ್ಲ. ಹೇಗಿದ್ದರೂ ಕೆಲವು ಹಳ್ಳಿಗಳು ಕಾಯಲೇಬೇಕು. ಯಾರು ಕಾಯಬೇಕು ಅನ್ನುವುದನ್ನು ಶಿಫಾರಸಿನ ಮೇಲೆ ಬಿಡದೆ ಚೀಟಿ ಎತ್ತುವ ಹಾಗೆ ತೀರ್ಮಾನಿಸಿದರು. ಅಧ್ಯಯನಕ್ಕೆ ತೆಗೆದುಕೊಂಡ 506 ಹಳ್ಳಿಗಳಲ್ಲಿ 320ಕ್ಕೆ 1998ರಲ್ಲೇ ದುಡ್ಡು ಬಂತು. ಉಳಿದ 186 ಹಳ್ಳಿಗಳು ಸುಮಾರು ಒಂದೂವರೆ ವರ್ಷ ಕಾದವು. ಎರಡೂ ಗುಂಪಿನ ಮನೆಗಳಿಗೆ ಹೋಗಿ ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿದರು. ಹಳ್ಳಿಗಳನ್ನು ಆರಿಸಿದ್ದು ಚೀಟಿ, ಮನುಷ್ಯರಲ್ಲ. ಹಾಗಾಗಿ ಎರಡು ಗುಂಪಿನ ನಡುವೆ ಕಾಣಿಸಿದ ವ್ಯತ್ಯಾಸಕ್ಕೆ ಮಳೆ, ಬೆಳೆ, ಒಳ್ಳೆ ಹೆಡ್‌ಮಾಸ್ತರು ಅಂತ ಬೇರೆ ಕಾರಣ ಕೊಡೋದು ಕಷ್ಟ.

ಏನು ಕಾಣಿಸಿತು? ಪಾಲ್ ಶುಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞ ಶಾಲೆಯ ಲೆಕ್ಕ ತೆಗೆದರು. ಕೆಳಗಿನ ತರಗತಿಗಳಲ್ಲಿ ದೊಡ್ಡ ಬದಲಾವಣೆ ಇಲ್ಲ, ಯಾಕಂದ್ರೆ ಅಲ್ಲಿ ಹೆಚ್ಚಿನ ಮಕ್ಕಳು ಮೊದಲೇ ಶಾಲೆಯಲ್ಲಿದ್ದರು. ದೊಡ್ಡ ಜಿಗಿತ ಆರನೇ ತರಗತಿ ಮುಗಿಸಿ ಮುಂದಿನ ಶಾಲೆಗೆ ಸೇರುವ ಹೊಸ್ತಿಲಲ್ಲಿ. ಅಲ್ಲಿ ಮುಂದುವರಿದ ಹುಡುಗಿಯರ ಪ್ರಮಾಣ, ದುಡ್ಡು ಬರದ ಹಳ್ಳಿಗಳಿಗಿಂತ ಶೇಕಡಾವಾರು ಲೆಕ್ಕದಲ್ಲಿ ಸುಮಾರು 15 ಅಂಶ ಹೆಚ್ಚಿತ್ತು. ಹುಡುಗರದ್ದು 6ರಿಂದ 7 ಅಂಶ.

ಇಲ್ಲಿ ಒಂದು ಸೂಕ್ಷ್ಮ ಇದೆ. 'ಹಾಜರಾತಿ ಏರಿತು' ಅಂತ ಸುದ್ದಿಯಲ್ಲಿ ಓದಿದಾಗ, ಮೊದಲು ವಾರಕ್ಕೆ ಮೂರು ದಿನ ಬರುತ್ತಿದ್ದ ಮಗು ಈಗ ಆರು ದಿನ ಬರುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಮೆಕ್ಸಿಕೋದಲ್ಲಿ ಆದದ್ದು ಹೆಚ್ಚಾಗಿ ಅದಲ್ಲ. ಹೆಸರು ಹಚ್ಚಿದ ಮಕ್ಕಳು ಮೊದಲೂ ಚೆನ್ನಾಗೇ ಬರುತ್ತಿದ್ದರು. ದುಡ್ಡಿನಿಂದ ಬದಲಾದದ್ದು, ಶಾಲೆ ಬಿಟ್ಟೇ ಹೋಗುತ್ತಿದ್ದ ಮಕ್ಕಳು ಉಳಿದುಕೊಂಡದ್ದು. ಉಳಿದ ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರಾ ಅಂದ್ರೆ, ಮೊದಲ ವರ್ಷಗಳ ಅಧ್ಯಯನದಲ್ಲಿ ಅದು ಕಾಣಿಸಲಿಲ್ಲ. ದುಡ್ಡು ಮಗುವನ್ನು ಶಾಲೆಯ ಬಾಗಿಲವರೆಗೆ ತರುತ್ತದೆ. ಒಳಗೆ ಮೇಷ್ಟ್ರು ಇದ್ದಾರೋ ಇಲ್ಲವೋ ಅನ್ನುವುದು ಬೇರೆ ಖಾತೆ.

ಇನ್ನು ಮನೆ ಖರ್ಚು. 'ಬಡವರಿಗೆ ದುಡ್ಡು ಕೊಟ್ರೆ ಸಾರಾಯಿ ಅಂಗಡಿಗೆ ಹೋಗ್ತದ ನೋಡ್ರಿ' ಅನ್ನುವವರು ನಮ್ಮಲ್ಲೂ ಇದ್ದಾರೆ, ಮೆಕ್ಸಿಕೋದಲ್ಲೂ ಇದ್ದರು. ದುಡ್ಡು ಬಂದ ಮನೆಗಳಲ್ಲಿ ಊಟದ ಖರ್ಚು ಶೇ 10ರ ಆಸುಪಾಸು ಏರಿತ್ತು. ಅವರು ಹೆಚ್ಚು ಕೊಂಡದ್ದು ಬರೀ ಮೆಕ್ಕೆಜೋಳ ಅಲ್ಲ, ಹಣ್ಣು, ತರಕಾರಿ, ಮಾಂಸ. ಪಾಲ್ ಗರ್ಟ್ಲರ್ ಮತ್ತು ಜೊತೆಗಾರರು ಆಮೇಲೆ ಇನ್ನೊಂದು ಲೆಕ್ಕ ತೆಗೆದರು: ಬಂದ ಪ್ರತಿ 100 ಪೆಸೊದಲ್ಲಿ ಸುಮಾರು 74 ಮನೆಯ ಬಳಕೆಗೆ ಹೋಯಿತು, ಉಳಿದದ್ದು ಕೋಳಿ, ಜಾನುವಾರು, ಸಣ್ಣಪುಟ್ಟ ದಂಧೆಗೆ. ಸಾರಾಯಿ, ತಂಬಾಕಿನ ವಿಷಯಕ್ಕೆ ಬಂದ್ರೆ, ಹಲವು ದೇಶಗಳ ನಗದು ಯೋಜನೆಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಡೇವಿಡ್ ಎವನ್ಸ್ ಮತ್ತು ಅನ್ನಾ ಪೊಪೊವಾಗೆ ಅವುಗಳ ಮೇಲಿನ ಖರ್ಚು ಏರಿದ್ದು ಕಾಣಲಿಲ್ಲ.

ಈಗ ನಮ್ಮ ಬಾಂಡ್‌ಗೆ ಬರೋಣ. ಭಾಗ್ಯಲಕ್ಷ್ಮಿಯ ರಚನೆ ಪ್ರೊಗ್ರೆಸಾಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ಆ ಬಾಂಡ್‌ಗಳ ಕಾಲದಲ್ಲಿ ಬಿಪಿಎಲ್ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಸರ್ಕಾರ ಅವಳ ಹೆಸರಲ್ಲಿ ಎಲ್‌ಐಸಿಯಲ್ಲಿ ದುಡ್ಡು ಇಡುತ್ತಿತ್ತು. 2008ರ ಪರಿಷ್ಕರಣೆಯ ನಂತರ ಮೊದಲ ಮಗುವಿಗೆ ಇಟ್ಟದ್ದು 19,300 ರೂಪಾಯಿ, 18 ತುಂಬಿದಾಗ ಬರಬೇಕಾದದ್ದು 1,00,097. ಷರತ್ತುಗಳು ಹಲವು: ಜನನ ನೋಂದಣಿ, ಲಸಿಕೆ, ಅಂಗನವಾಡಿ, ಕನಿಷ್ಠ ಎಂಟನೇ ತರಗತಿವರೆಗೆ ಓದು, ಬಾಲಕಾರ್ಮಿಕಳಾಗಬಾರದು, 18ಕ್ಕೆ ಮೊದಲು ಮದುವೆ ಆಗಬಾರದು. ಒಂದು ಮನೆಯ ಇಬ್ಬರೇ ಹೆಣ್ಣುಮಕ್ಕಳಿಗೆ ಎಂಬ ಮಿತಿಯೂ ಇತ್ತು.

ಒಂದು ಉದಾಹರಣೆ ಕಟ್ಟಿ ನೋಡೋಣ. ಕೊಲ್ಹಾರದ ಒಂದು ಮನೆಯಲ್ಲಿ 2008ರ ಕೊನೆಗೆ ಹುಟ್ಟಿದ ಹುಡುಗಿ ಅಂತ ಇಟ್ಟುಕೊಳ್ಳಿ. ಅವಳು ಏಳನೇ ತರಗತಿ ಮುಗಿಸುವಾಗ 13 ವರ್ಷ. ಮುಂದೆ ಹೈಸ್ಕೂಲಿಗೆ ಕಳಿಸಬೇಕಾ, ಮನೆಯಲ್ಲಿ ಇಟ್ಟುಕೊಳ್ಳಬೇಕಾ ಅಂತ ಅಪ್ಪ ಅವ್ವ ಯೋಚಿಸುವುದು ಆಗಲೇ. ಆ ಹೊತ್ತಿಗೆ ಬಾಂಡಿನ ದುಡ್ಡು ಇನ್ನೂ ಐದು ವರ್ಷ ದೂರ. ಬಿ.ಕಾಂ.ನಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು: ನಾಳೆಯ ನೂರು ಇವತ್ತಿನ ನೂರಲ್ಲ. ಸಾಲ ಮಾಡಿ ಬಿತ್ತುವ ಮನೆಗೆ ಅದು ಇನ್ನೂ ಕಡಿಮೆ. ಅದಕ್ಕಿಂತ ಮುಖ್ಯ ವಿಷಯ ಎಂಟನೇ ತರಗತಿಯ ಷರತ್ತು. ಹುಡುಗಿ ಎಂಟು ಮುಗಿಸಿ ಮನೆಯಲ್ಲೇ ಕೂತರೂ ಓದಿನ ಷರತ್ತು ಪೂರ್ತಿಯಾದಂತೆ. ಅಂದ್ರೆ ಶಾಲೆ ಬಿಡುವ ಹೊಸ್ತಿಲು ಎಲ್ಲಿದೆಯೋ, ಅಲ್ಲಿಗೇ ಬಾಂಡಿನ ಕಾವಲು ಮುಗಿಯುತ್ತದೆ.

ಹಾಗಂತ 'ತಡವಾಗಿ ಬರುವ ದುಡ್ಡು ದಂಡ' ಅಂತ ತೀರ್ಪು ಕೊಡೋ ಹಾಗಿಲ್ಲ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 2005ರ ಹೊತ್ತಿಗೆ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಒಂದು ಗುಂಪಿಗೆ ತಿಂಗಳ ಲೆಕ್ಕದಲ್ಲಿ 30,000 ಪೆಸೊ ಪೂರ್ತಿ ಕೊಟ್ಟರು. ಇನ್ನೊಂದಕ್ಕೆ 20,000 ಕೊಟ್ಟು, ಉಳಿದ 10,000ವನ್ನು ಕೂಡಿಟ್ಟು, ಮುಂದಿನ ವರ್ಷ ಶಾಲೆಗೆ ಹೆಸರು ಹಚ್ಚುವ ಹೊತ್ತಿಗೆ ಒಟ್ಟಿಗೆ ಕೊಟ್ಟರು. ಹಾಜರಾತಿ ಎರಡರಲ್ಲೂ ಏರಿತು. ಆದರೆ ಮುಂದಿನ ವರ್ಷ ಮತ್ತೆ ಹೆಸರು ಹಚ್ಚಿದವರು ಕೂಡಿಟ್ಟು ಕೊಟ್ಟ ಗುಂಪಿನಲ್ಲೇ ಹೆಚ್ಚು. ಅಂದ್ರೆ ತಡ ಮಾಡಿದ್ದು ತಪ್ಪಲ್ಲ, ದುಡ್ಡು ಬರುವ ದಿನ ಮತ್ತು ಮನೆಯವರು ತೀರ್ಮಾನ ಮಾಡುವ ದಿನ ಒಂದೇ ಆಗಿರಬೇಕು, ಅಷ್ಟೇ. (ಅದೇ ಅಧ್ಯಯನದಲ್ಲಿ ಬೇಸರದ ಒಂದು ಸಂಗತಿಯೂ ಇದೆ: ಒಂದೇ ಮನೆಯಲ್ಲಿ ಒಂದು ಮಗುವಿಗೆ ಚೀಟಿ ಎದ್ದು ಇನ್ನೊಂದಕ್ಕೆ ಏಳದಿದ್ದರೆ, ಬಿಟ್ಟುಹೋದ ಮಗುವಿನ ಓದಿಗೆ ಪೆಟ್ಟು ಬಿತ್ತು. ಹೆಚ್ಚು ಪೆಟ್ಟು ತಿಂದದ್ದು ಅಕ್ಕ ತಂಗಿಯರು.)

ಈ ಅಳತೆಗೋಲಿನಲ್ಲಿ ನೋಡಿದರೆ, ಭಾಗ್ಯಲಕ್ಷ್ಮಿ ಶುರುವಾದ ವರ್ಷವೇ ಕರ್ನಾಟಕದಲ್ಲಿ ಬಂದ ಇನ್ನೊಂದು ಯೋಜನೆ ಹೊಸ್ತಿಲಿಗೆ ಸರಿಯಾಗಿ ಬಂದು ನಿಂತಿತ್ತು: ಎಂಟನೇ ತರಗತಿಯ ಸೈಕಲ್. ಅದು ನಗದಲ್ಲ ನಿಜ. ಬಿಹಾರದಲ್ಲಿ ಮಾತ್ರ ಅದೇ ಕಾಲಕ್ಕೆ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿ ಲೆಕ್ಕ ಹಾಕಿದರು: ಹೈಸ್ಕೂಲಿಗೆ ಸೇರುವ ಹುಡುಗಿಯರು ಶೇ 32ರಷ್ಟು ಹೆಚ್ಚಿದ್ದರು. ಹೈಸ್ಕೂಲು 3 ಕಿಲೋಮೀಟರ್‌ಗಿಂತ ದೂರ ಇದ್ದ ಹಳ್ಳಿಗಳಲ್ಲೇ ಪರಿಣಾಮ ಎದ್ದು ಕಂಡಿತು. ಹುಡುಗಿಯನ್ನು ತಡೆದದ್ದು ದೂರ ಅಂತಾದರೆ, ದೂರಕ್ಕೇ ದುಡ್ಡು ಕೊಟ್ಟದ್ದು ಕೆಲಸ ಮಾಡಿತು.

ಭಾಗ್ಯಲಕ್ಷ್ಮಿ ಬಿಗಿಯಾಗಿ ಹಿಡಿದದ್ದು ಮದುವೆಯ ಷರತ್ತನ್ನು. ಇದಕ್ಕೆ ಆಫ್ರಿಕಾದ ಮಲಾವಿ ದೇಶದ ಜೋಂಬಾ ಜಿಲ್ಲೆಯ ಪ್ರಯೋಗ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕೆಲವು ಹುಡುಗಿಯರಿಗೆ ಶಾಲೆಗೆ ಹೋದರೆ ಮಾತ್ರ ದುಡ್ಡು, ಇನ್ನು ಕೆಲವರಿಗೆ ಹೇಗಿದ್ದರೂ ದುಡ್ಡು. ಹುಡುಗಿಯರನ್ನೇ ಕೇಳಿದಾಗ ಎರಡೂ ಗುಂಪಿನವರೂ ಶಾಲೆಗೆ ಹೋಗುತ್ತಿದ್ದೇವೆ ಅಂದರು. ಮೇಷ್ಟ್ರುಗಳನ್ನು ಕೇಳಿದಾಗ ನಿಜ ಬಯಲಾಯಿತು, ಷರತ್ತಿನ ಗುಂಪೇ ಮುಂದಿತ್ತು. ಆದರೆ ಶಾಲೆ ಬಿಟ್ಟ ಹುಡುಗಿಯರ ಕಥೆ ಬೇರೆ. ಷರತ್ತಿನ ಗುಂಪಿನಲ್ಲಿ ಅವರಿಗೆ ದುಡ್ಡೂ ನಿಂತಿತು. ಷರತ್ತಿಲ್ಲದ ಗುಂಪಿನಲ್ಲಿ ಶಾಲೆ ಬಿಟ್ಟರೂ ದುಡ್ಡು ಬರುತ್ತಿದ್ದರಿಂದ, ಬೇಗ ಮದುವೆಯಾದವರು, ಬೇಗ ಬಸುರಾದವರು ಅವರಲ್ಲಿ ಕಡಿಮೆ. ಓದು ಬಿಟ್ಟವಳಿಗೂ 18ರವರೆಗೆ ಕಾಯಲು ಒಂದು ಕಾರಣ ಉಳಿಸಿಕೊಡುವುದು ಭಾಗ್ಯಲಕ್ಷ್ಮಿಯ ಲೆಕ್ಕ. ನನಗೆ ಅದು ಬಲವಾದ ಲೆಕ್ಕವಾಗೇ ಕಾಣುತ್ತದೆ.

ಆದರೆ ಕಾಣುವುದು ಬೇರೆ, ಸಾಬೀತಾಗುವುದು ಬೇರೆ. ಭಾಗ್ಯಲಕ್ಷ್ಮಿಯನ್ನು ರಾಜ್ಯದ ಎಲ್ಲ ಬಿಪಿಎಲ್ ಮನೆಗಳಿಗೂ ಒಂದೇ ಸಲ ತೆರೆದರು. ಕಾಯುವ ಹಳ್ಳಿ ಎಂಬುದು ಉಳಿಯಲೇ ಇಲ್ಲ. ಅದೇ ವರ್ಷಗಳಲ್ಲಿ ಬಿಸಿಯೂಟ, ಸೈಕಲ್, ಹೊಸ ಹೈಸ್ಕೂಲು, ರಸ್ತೆ ಎಲ್ಲ ಬಂದವು. ಹುಡುಗಿಯರು ಹೆಚ್ಚು ಓದಿದರೆ ಅದರ ಕೀರ್ತಿ ಯಾವುದಕ್ಕೆ ಎಷ್ಟು ಅಂತ ಬೇರ್ಪಡಿಸೋದು ಹೇಗೆ? 2010ರಲ್ಲಿ ಟಿ.ವಿ. ಶೇಖರ್ ಅವರು ದೇಶದ 15 ಇಂಥ ಹೆಣ್ಣುಮಕ್ಕಳ ಯೋಜನೆಗಳನ್ನು ವಿಮರ್ಶೆ ಮಾಡಿದ್ದರು. ಅದರಲ್ಲಿ ಎದ್ದು ಕಂಡ ದೂರುಗಳು ಷರತ್ತುಗಳ ಗೋಜಲು, ಕಾಗದಪತ್ರಗಳ ಕಾಟ, ಇಲಾಖೆಗಳ ನಡುವೆ ಹೊಂದಾಣಿಕೆ ಇಲ್ಲದಿರುವುದು.

ಕಾಯುವ ಹಳ್ಳಿ ಇಲ್ಲದಿದ್ದರೂ ಒಂದು ಹೋಲಿಕೆ ಇನ್ನೂ ಸಾಧ್ಯ ಇದೆ. ಯೋಜನೆ ಸಿಗುವುದು 2006ರ ಮಾರ್ಚ್ 31ರ ನಂತರ ಹುಟ್ಟಿದವರಿಗೆ. ಆ ಮಾರ್ಚ್‌ನಲ್ಲಿ ಹುಟ್ಟಿದ ಹುಡುಗಿ ಮತ್ತು ಏಪ್ರಿಲ್‌ನಲ್ಲಿ ಹುಟ್ಟಿದ ಹುಡುಗಿ ಬೇರೆ ಎಲ್ಲದರಲ್ಲೂ ಒಂದೇ, ಒಬ್ಬಳಿಗೆ ಬಾಂಡ್ ಇಲ್ಲ, ಇನ್ನೊಬ್ಬಳಿಗೆ ಇದೆ. ಇವರಿಬ್ಬರಲ್ಲಿ ಯಾರು ಎಸ್‌ಎಸ್‌ಎಲ್‌ಸಿ ಬರೆದರು, ಯಾರ ಮದುವೆ ಯಾವಾಗ ಆಯಿತು ಅಂತ ಹೋಲಿಸಬಹುದು. ಹುಟ್ಟಿದ ದಿನಾಂಕ ಶಾಲೆಯ ದಾಖಲಾತಿ ಪುಸ್ತಕದಲ್ಲೇ ಇರುತ್ತದೆ.