ಕೃಷಿ ಆದಾಯದ ಭಾಗಶಃ ಸೇರ್ಪಡೆ

ಭಾರತದಲ್ಲಿ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೂ ಇತರ ಆದಾಯಕ್ಕೆ ಅನ್ವಯಿಸುವ ತೆರಿಗೆ ದರವನ್ನು ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನವಿದು. ಖರ್ಚು ಕಳೆದ ನಿವ್ವಳ ಕೃಷಿ ಆದಾಯ 5,000 ರೂ. ಮೀರಿ, ಇತರ ಆದಾಯವೂ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ ಮಾತ್ರ ಇದು ಅನ್ವಯ. ವ್ಯಕ್ತಿಗಳು, ಹಿಂದೂ ಅವಿಭಕ್ತ ಕುಟುಂಬಗಳು ಇದರ ವ್ಯಾಪ್ತಿಗೆ ಬರುತ್ತವೆ. ಕಂಪನಿಗಳು, ಪಾಲುದಾರಿಕೆ ಸಂಸ್ಥೆಗಳು ಬರುವುದಿಲ್ಲ.

ಉದಾಹರಣೆ: 2024-25ರ ಹಣಕಾಸು ವರ್ಷದಲ್ಲಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ, 60 ವರ್ಷದೊಳಗಿನ ಶಿಕ್ಷಕರೊಬ್ಬರಿಗೆ ಕಡಿತಗಳ ನಂತರ ಸಂಬಳದ ಆದಾಯ 8,00,000 ರೂ., ಅಡಿಕೆ ತೋಟದ ನಿವ್ವಳ ಆದಾಯ 2,00,000 ರೂ. ಇದೆ.

1. ಎರಡನ್ನೂ ಕೂಡಿದರೆ 10,00,000 ರೂ.; ಅದರ ಮೇಲಿನ ತೆರಿಗೆ 1,12,500 ರೂ.
2. ಕೃಷಿ ಆದಾಯಕ್ಕೆ ವಿನಾಯಿತಿ ಮಿತಿ 2,50,000 ರೂ. ಕೂಡಿದರೆ 4,50,000 ರೂ.; ಅದರ ಮೇಲಿನ ತೆರಿಗೆ 10,000 ರೂ.
3. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 1,02,500 ರೂ.
4. ಇದಕ್ಕೆ ಶೇ. 4 ಸೆಸ್, 4,100 ರೂ. ಸೇರಿ ಪಾವತಿಸಬೇಕಾದದ್ದು 1,06,600 ರೂ.

ತೋಟವಿಲ್ಲದಿದ್ದರೆ ಸಂಬಳದ ಮೇಲಿನ ತೆರಿಗೆ, ಸೆಸ್ ಬಿಟ್ಟು, 72,500 ರೂ. ಮಾತ್ರ ಆಗುತ್ತಿತ್ತು. ಹೆಚ್ಚುವರಿ 30,000 ರೂ. ಬಂದದ್ದು ಸಂಬಳದ ಒಂದು ಭಾಗ ಮೇಲಿನ ದರದ ಹಂತಕ್ಕೆ ಸರಿದದ್ದರಿಂದ. ಎರಡನೇ ಹಂತದಲ್ಲಿ ವಿನಾಯಿತಿ ಮಿತಿಯನ್ನು ಕೂಡಲು ಮರೆತರೆ ಕಳೆಯಬೇಕಾದ ಮೊತ್ತ ಸೊನ್ನೆಯಾಗಿ, ತೆರಿಗೆ 10,000 ರೂ. ಹೆಚ್ಚಾಗುತ್ತದೆ.